ಕಿಟಕಿಯ ಬಳಿಯ ಡಬ್ಬಿ

ಅನುಪಮಾ ಟೀಚರ್ ಎಂಥವರೆಂದು ಹೇಳಬೇಕಾದರೆ ನಾನು ಅವರ ಬಿಸ್ಕೀಟು ಡಬ್ಬಿಯ ಸುದ್ದಿಯನ್ನೇ ಹೇಳಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಗುರುಗುಂಟಾದ ಆಚೆ ನಮ್ಮ ದೊಡ್ಡಿಯ, ಅಂದರೆ ನಾಲ್ಕಾರು ಮನೆಗಳ ಪುಟ್ಟ ಊರಿನ, ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಗಂಡ ತೀರಿದ ವರ್ಷ ಸೇರಿದೆ. ಓದಿದ್ದು ಎರಡನೆಯ ತರಗತಿಯವರೆಗೆ. ಟೀಚರ್ ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಿದ್ದರು. ಐದನೆಯವರಿಗೆ ಪಾಠ ಮಾಡುವಾಗ ನಾಲ್ಕನೆಯವರು ತಾವೇ ಮಾಡಲೆಂದು ಲೆಕ್ಕದ ಹಾಳೆಗಳ ಕಟ್ಟು ಮಾಡಿದ್ದರು. ಸುಲಭದ್ದು ಮೊದಲು, ಕಠಿಣದ್ದು ಆಮೇಲೆ. ಪ್ರತಿ ಹಾಳೆಗೂ ಪ್ಲಾಸ್ಟಿಕ್ ಕವರ್. ಮಕ್ಕಳು ಅದರ ಮೇಲೆ ಅಳಿಸಬಹುದಾದ ಪೆನ್ನಿನಿಂದ ಬರೆದು, ಹಿಂಬದಿಯ ಉತ್ತರಕ್ಕೆ ತಾಳೆ ನೋಡಬೇಕು. ಸರಿಯಿದ್ದರೆ ಒರೆಸಿ ಮುಂದಿನದು. ತಿಳಿಯದಿದ್ದರೆ ಒರೆಸದೆ ಕಿಟಕಿಯ ಬಳಿಯ ಆ ಬಿಸ್ಕೀಟು ಡಬ್ಬಿಯಲ್ಲಿಡಬೇಕು. ಸಂಜೆ ಟೀಚರ್ ನೋಡಿ, ಮರುದಿನ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವರು.

ನನಗಿದು ಗೊತ್ತಿರಲಿಲ್ಲ. ಊಟವಾದ ಮೇಲೆ ಕೋಣೆ ಗುಡಿಸುವಾಗ ಡಬ್ಬಿಯಲ್ಲಿ ಗೀಚಿದ ಹಾಳೆ ಕಂಡರೆ, ಒಪ್ಪವಾಗಲೆಂದು ಒದ್ದೆ ಅರಿವೆಯಿಂದ ಒರೆಸಿ ಹಾಳೆಗಳ ಕಟ್ಟಿನೊಳಗೆ ಸೇರಿಸುತ್ತಿದ್ದೆ. ತಿಳಿಯದಿದ್ದರೆ ಉಳಿದ ಮಕ್ಕಳು ಒಬ್ಬರನ್ನೊಬ್ಬರು ಕೇಳಿ ದಾಟುತ್ತಿದ್ದರು. ಡಬ್ಬಿಯಲ್ಲಿಡುತ್ತಿದ್ದವಳು ಕುರಿ ಕಾಯುವ ಬೀರಲಿಂಗನ ಮಗಳು ಜ್ಯೋತಿ ಒಬ್ಬಳೇ.

ಹದಿನೈದು ದಿನಗಳ ಮೇಲೆ ಪರೀಕ್ಷೆಯಾಯಿತು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಜ್ಯೋತಿ ಮೂವತ್ತೈದು ಬರೆದಿದ್ದಳು.

“ತಿಳಿಲಿಲ್ಲಂದ್ರ ಡಬ್ಬ್ಯಾಗ ಇಡಬೇಕಿಲ್ಲೇನು?” ಎಂದರು ಟೀಚರ್.

“ದಿನಾ ಇಟ್ಟೀನ್ರಿ.”

“ಡಬ್ಬಿ ದಿನಾ ಖಾಲಿ ಇರತೈತಿ. ಸುಳ್ಳ ಹೇಳಬ್ಯಾಡ.”

“ನೀವ ನೋಡಿ ಒರಿಸಿಟ್ಟೀರಿ. ನನ್ನ ಕರೀಲಿಲ್ರಿ.”

“ಆಕಿಗೆ ಕುರಿ ಎಣಸಾಕ ಅಷ್ಟ ಬರತೈತ್ರಿ,” ಎಂದ ಹಿಂದಿನ ಸಾಲಿನ ದಾನಿಷ್. ಎಲ್ಲರೂ ನಕ್ಕರು.

ನಾನು ಅರಿವೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಎರಡು ದಿನ ಜ್ಯೋತಿ ಶಾಲೆಗೆ ಬರಲಿಲ್ಲ, ಅಪ್ಪನೊಡನೆ ಕುರಿಯ ಹಿಂದೆ ಹೋದಳು. ಮೂರನೆಯ ದಿನ ಅನ್ನ ಇಳಿಸಿದವಳೇ ಹೋಗಿ ಟೀಚರಿಗೆ ಹೇಳಿದೆ.

“ನಿಮಗ ಹೇಳದಿದ್ದದ್ದು ನನ್ನ ತಪ್ಪು, ಪಕೀರಮ್ಮ. ಆದ್ರ ಎರಡು ದಿನ ಯಾಕ ಸುಮ್ಮನಿದ್ರಿ?”

ಕೆಲಸ ಹೋದೀತೆಂದು ಅಂಜಿದ್ದನ್ನು ಹೇಳಿಕೊಂಡೆ.

ಆ ಸಂಜೆ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕುರಿಹಟ್ಟಿಗೆ ಹೋದರು. ಅಪ್ಪನ ಎದುರಿಗೇ ಹುಡುಗಿಗೆ, “ನೀ ಖರೇನ ಹೇಳಿದ್ದಿ. ಸುಳ್ಳ ಅಂದಾಕಿ ನಾ. ತಪ್ಪಾತವ್ವ,” ಎಂದರು. ಅಷ್ಟು ಓದಿದವರು ಒಂದು ಮಗುವಿಗೆ ಹೀಗೆಂದದ್ದನ್ನು ನಾನು ಕಂಡಿರಲಿಲ್ಲ.

ಜ್ಯೋತಿ ಮತ್ತೆ ಶಾಲೆಗೆ ಬಂದಳು. ಡಬ್ಬಿಯ ಹತ್ತಿರ ಮಾತ್ರ ಸುಳಿಯಲಿಲ್ಲ. ತಿಳಿಯದ ಹಾಳೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಅದನ್ನು ನೋಡಲಾಗದೆ ನಾನೇ ಟೀಚರಿಂದ ಕಳೆಯುವ ಅದೇ ಲೆಕ್ಕದ ಒಂದು ಹಾಳೆ ಕೇಳಿ ಪಡೆದು, ಬರೆದು, ಒರೆಸದೆ ಡಬ್ಬಿಯಲ್ಲಿಟ್ಟೆ. ನನಗೂ ಮೂವತ್ತೈದೇ ಬಂದಿತ್ತು.

ಮರುದಿನ ಟೀಚರ್ ಎಲ್ಲರ ಎದುರು ನನ್ನನ್ನು ಪಕ್ಕಕ್ಕೆ ಕರೆದು ಕಡ್ಡಿಕಟ್ಟು ಬಿಚ್ಚಿದರು. “ಎರಡರಾಗ ಏಳು ಹೋಗಂಗಿಲ್ಲ. ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿದ್ರ ಎರಡಕ್ಕ ಕೂಡಿ ಹನ್ನೆರಡು ಕಡ್ಡಿ ಆದ್ವು. ಈಗ ಏಳು ತಗೀರಿ.”

ಹುಡುಗರು ನಕ್ಕರು. ನಗಲಿ ಎಂದುಕೊಂಡೆ. ಜ್ಯೋತಿ ನಗಲಿಲ್ಲ, ಕಡ್ಡಿಗಳನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಗುಡಿಸುವಾಗ ಡಬ್ಬಿಯಲ್ಲಿ ಒಂದು ಹಾಳೆಯಿತ್ತು, ಅವಳ ಬರವಣಿಗೆ. ಅರಿವೆಯನ್ನು ಹೊರಗಿಟ್ಟು ಬಂದು, ಡಬ್ಬಿಯ ಸುತ್ತ ಮಾತ್ರ ಗುಡಿಸಿದೆ.