ಮೊದಲ ಚಿತ್ರ ತೂತಿನದೇ

ಅವಳಿಗೆ ‘ತೇಪೆ’ ಎಂದು ಹೆಸರಿಟ್ಟವಳು ಹಿರಿಯ ಓರಗಿತ್ತಿ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಕಾಲುಚೀಲದ ಹಿಮ್ಮಡಿ ಹೊಲಿಯುತ್ತ ಕೂತಿದ್ದವಳನ್ನು ಕಂಡು, “ಬಂದ್ಲಪ್ಪಾ ನಮ್ಮನೆಗೆ ತೇಪೆ!” ಅಂದಿದ್ದಳು. ಮನೆಯವರೆಲ್ಲ ನಕ್ಕರು. ಹೊಸ ಸೊಸೆಯೂ ನಕ್ಕಳು. ಆದರೆ ಸೂಜಿ ಕೆಳಗಿಡಲಿಲ್ಲ.

ಆಮೇಲೆ ಅವಳು ದುಡಿಯಲು ಸೇರಿದ್ದೂ ಅಂಥದ್ದೇ ಜಾಗಕ್ಕೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂದಿನ ಕೋಣೆ. ಸದಾ ಹಬೆ, ಸೋಪಿನ ವಾಸನೆ, ಕಿಟಕಿಗೆ ಒತ್ತಿಕೊಂಡ ಮೇಜು. ಕಿತ್ತ ಗುಂಡಿ, ಬಿಚ್ಚಿದ ಹೊಲಿಗೆ ಅವಳ ಪಾಲು. ಒಂದು ದಿನ ಅಂಗಡಿಯವರೇ ಗಿರಾಕಿಯೊಬ್ಬಳ ಕುಪ್ಪಸದ ತೋಳು ಸುಟ್ಟುಬಿಟ್ಟರು. ಮಾಲೀಕ ತಲೆ ಮೇಲೆ ಕೈಹೊತ್ತು ಕೂತಾಗ, ಅವಳು ಸುಟ್ಟ ಜಾಗದ ಹಿಂದೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿದು, ಅದರ ಮೇಲೆ ದಾರದಲ್ಲಿ ಒಂದು ಗುಬ್ಬಿ ಕೂರಿಸಿದಳು. ಗಿರಾಕಿ ಇನ್ನೊಂದು ತೋಳಿಗೂ ಗುಬ್ಬಿ ಬೇಕು ಅಂದಳು. ಅಲ್ಲಿಂದ ಮುಂದೆ ತೂತು ಮುಚ್ಚುವ ಕಸೂತಿಯೇ ಅವಳ ಕಸುಬಾಯಿತು.

ಆ ಗಿರಾಕಿ ಬೇರೆ ಊರಿಗೆ ಹೋದ ಮೇಲೆ ಫೋನ್ ಮಾಡಿದಳು. “ನನ್ನ ಕೋಟು ನುಸಿ ತಿಂದುಬಿಟ್ಟಿದೆ ಕಣ್ರೀ. ನಿಮ್ಮ ಗುಬ್ಬಿ ಚಿತ್ರ ಕಳಿಸಿ, ನಾನೇ ಹೊಲ್ಕೋತೀನಿ.” ಇವಳು ಕಾಗದದ ಮೇಲೆ ಬರೆದು, ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದಳು. ಮಾರನೆಯ ದಿನ ಮತ್ತೆ ಫೋನು: ಅಚ್ಚು ಹಾಕಿದರೆ ಗುಬ್ಬಿ ಸೊಟ್ಟ, ಅಳತೆಯೂ ಸಣ್ಣ, ರೆಕ್ಕೆಯ ಪಕ್ಕದಿಂದ ತೂತು ಇಣುಕುತ್ತಿದೆ.

ಅವಳು ನಾದಿನಿಯ ಬಳಿ ಹೋದಳು. ನಾದಿನಿ ಜೆರಾಕ್ಸ್ ಅಂಗಡಿಯಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು ಡಿಸೈನ್ ಮಾಡುವವಳು. ಕೇಳಿ ಹಣೆ ಚಚ್ಚಿಕೊಂಡಳು.

“ಫೋಟೋ ಹೊಡೆದ್ರೆ ಸೊಟ್ಟಗಾಗದೆ ಇನ್ನೇನಾಗತ್ತೆ ಅತ್ತಿಗೆ? ಸ್ಕ್ಯಾನ್ ಮಾಡ್ಬೇಕು. ಆಮೇಲೆ ಗೆರೆಗಳನ್ನ ಕಂಪ್ಯೂಟರಲ್ಲಿ ಹೊಸದಾಗಿ ಎಳೀಬೇಕು. ಆಗ ಎಷ್ಟು ದೊಡ್ಡದು ಮಾಡಿದ್ರೂ ಗೆರೆ ಒಡೆಯಲ್ಲ.”

“ಅಳತೆ ಯಾಕೆ ಸಣ್ಣಗಾಯ್ತು?”

“ಪ್ರಿಂಟರ್ ತನ್ನಿಷ್ಟಕ್ಕೆ ಹಾಳೆಗೆ ಹೊಂದಿಸ್ಕೊಳ್ಳತ್ತೆ. ನೂರಕ್ಕೆ ನೂರು ಅಳತೇಲಿ ಅಚ್ಚು ಹಾಕಿ ಅಂತ ಹೇಳ್ಬೇಕು.”

“ಹೇಳಿದ್ರೆ ಯಾರು ಓದ್ತಾರೆ? ಹಾಳೆ ಮೂಲೇಲಿ ಒಂದು ಚೌಕ ಹಾಕು. ಅಚ್ಚಲ್ಲಿ ಅದು ಐದು ಸೆಂಟಿಮೀಟರ್ ಇಲ್ದಿದ್ರೆ ಬಟ್ಟೆ ಮುಟ್ಬೇಡಿ ಅಂತ ಪಕ್ಕದಲ್ಲೇ ಬರಿ.”

ಹೀಗೆ ಇಬ್ಬರೂ ಸೇರಿ ಕಸೂತಿ ವಿನ್ಯಾಸಗಳ ಪಿಡಿಎಫ್ ಮಾರುವ ಆನ್‌ಲೈನ್ ಅಂಗಡಿ ತೆರೆದರು. ಒಂದೊಂದು ಫೈಲಿನಲ್ಲೂ ಅದೇ ಚಿತ್ರ ಸಣ್ಣದು, ನಡುವಿನದು, ದೊಡ್ಡದು. ಚಿತ್ರವನ್ನು ಇಸ್ತ್ರಿ ಒತ್ತಿ ಬಟ್ಟೆಗೆ ಇಳಿಸುವವರಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ ಪುಟ. ಯಾವ ಗೆರೆಗೆ ಯಾವ ಹೊಲಿಗೆ ಎಂಬ ವಿವರ. ಚಿತ್ರದ ಒಳಗೆ ಒಂದು ಚುಕ್ಕಿಗೆರೆ ಇರುತ್ತಿತ್ತು. ಅದು ಅವಳದೇ ಉಪಾಯ. ‘ನಿಮ್ಮ ತೂತು ಈ ಗೆರೆಯೊಳಗೆ ಅಡಗಬೇಕು. ಅಡಗದಿದ್ದರೆ ದೊಡ್ಡ ಅಳತೆ ತೆಗೆದುಕೊಳ್ಳಿ.’

ಅಂಗಡಿಯ ಮುಖಕ್ಕೆ ಬೇಕಾದ ಚಿತ್ರಗಳನ್ನು ನಾದಿನಿ ತೆಗೆದಳು. ಬಿಳಿ ಬಟ್ಟೆಯ ಮೇಲೆ ಗುಬ್ಬಿ, ಪಕ್ಕದಲ್ಲಿ ಹೂದಾನಿ, ಕಾಫಿ ಕಪ್ಪು. ನೋಡಲು ಕಣ್ಣಿಗೆ ಹಬ್ಬ. ಆದರೆ ಬಂದ ಮೊದಲ ಪ್ರಶ್ನೆ, “ಬಟ್ಟೆ ಯಾವಾಗ ಮನೆಗೆ ಬರುತ್ತೆ?” ಎರಡನೆಯದು ಒಂದೇ ನಕ್ಷತ್ರದ ಬೈಗುಳ: “ಚಾದರದಷ್ಟು ದೊಡ್ಡದು ಅಂದ್ಕೊಂಡ್ರೆ ಅಂಗೈಯಷ್ಟಿದೆ. ಮೋಸ.”

ಮೋಸ ಎಂಬ ಮಾತು ಅವಳ ಎದೆಗೆ ನಾಟಿತು. “ಈ ಹೂದಾನಿ ಎಲ್ಲ ತೆಗಿ,” ಅಂದಳು. “ಮೊದಲ ಚಿತ್ರ ತೂತಿಂದೇ ಇರ್ಲಿ. ಪಕ್ಕದಲ್ಲಿ ಅಳತೆಪಟ್ಟಿ. ಎರಡನೇದು, ಹಿಂದೆ ಬಟ್ಟೆ ಕೊಟ್ಟಿದ್ದು. ಮೂರನೇದು ಹೊಲಿದಿದ್ದು. ನಾಲ್ಕನೇದ್ರಲ್ಲಿ ಫೈಲಿನ ಪುಟಗಳು, ಮೇಲೆ ದಪ್ಪಕ್ಷರದಲ್ಲಿ: ಇದು ಅಚ್ಚು ಹಾಕೋ ಫೈಲು, ಬಟ್ಟೆ ಬರಲ್ಲ.”

“ಪುಟ ಪೂರ್ತಿ ತೋರಿಸಿದ್ರೆ ಅದನ್ನೇ ಅಚ್ಚು ಹಾಕ್ಕೋತಾರೆ ಅತ್ತಿಗೆ.”

“ಸಣ್ಣದಾಗಿ ತೋರ್ಸು, ಅಡ್ಡಕ್ಕೆ ನಮ್ಮ ಹೆಸರು ಹಾಕು. ಏನು ಸಿಗತ್ತೆ ಅಂತ ಕಂಡ್ರೆ ಸಾಕು, ಕದಿಯೋಕಾಗ್ಬಾರ್ದು.”

“ಹರಕು ಬಟ್ಟೆ ನೋಡಿ ಯಾರು ಕೊಳ್ತಾರೆ?”

“ಹರಕು ಬಟ್ಟೆ ಇರೋರು.”

ಫೋಟೋಗೆ ಸಿಕ್ಕಿದ್ದು ಗಂಡನ ನೀಲಿ ಅಂಗಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೊಣಕೈ ಯಾವುದಕ್ಕೋ ಸಿಕ್ಕಿ ಹರಿದಿತ್ತು. ಆ ಅಂಗಿಯನ್ನು ವರ್ಷದ ಹಿಂದೆ ಅವನಿಗೆ ಉಡುಗೊರೆ ಕೊಟ್ಟವಳು ಓರಗಿತ್ತಿಯೇ. ಯಾರೋ ಗೆಳತಿ ತೋರಿಸಿದ ಮೊಬೈಲಿನಲ್ಲಿ ತಾನು ಕೊಟ್ಟ ಅಂಗಿ ಬಾಯಿ ಬಿಟ್ಟುಕೊಂಡು ನಿಂತಿದ್ದನ್ನು ಅವಳು ಕಂಡಳು. ಭಾನುವಾರ ತನ್ನ ಗಂಡನ ಜೊತೆ ಇವರ ಮನೆಗೆ ಬಂದೇಬಿಟ್ಟಳು. ನಾದಿನಿಯೂ ಅಲ್ಲೇ ಇದ್ದಳು.

ಭಾವ ಸೋಫಾದಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಆ ಫೋಟೋ ಇವತ್ತೇ ತೆಗೀಬೇಕು. ನಮ್ಮನೆಯವರು ಹರಿದಿದ್ದು ಹಾಕ್ಕೋತಾರೆ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತು.”

“ತೆಗೆಯಲ್ಲ ಭಾವ.”

“ಏನಂದೆ?”

“ತೆಗೆಯಲ್ಲ ಅಂದೆ. ತೂತು ತೋರಿಸ್ದೆ ತೂತು ಮುಚ್ಚೋದನ್ನ ಹೇಗೆ ಮಾರ್ಲಿ? ಚಂದ ತೋರ್ಸಿ ಮಾರಿದ್ದಕ್ಕೆ ಒಬ್ಬರು ಮೋಸ ಅಂದ್ರು. ಅದು ಮರ್ಯಾದೆ ಹೋಗಿದ್ದು. ಇದಲ್ಲ.”

ಓರಗಿತ್ತಿ ಸೆರಗು ಕೊಡವಿದಳು. “ತೇಪೆ ಹಾಕೋರಿಗೆ ಮಾತು ಬೇರೆ ಬಂತು.”

“ಹೌದಕ್ಕ, ನಾನು ತೇಪೆನೇ. ಆ ಹೆಸರು ಕೊಟ್ಟೋರು ನೀವು. ಇನ್ಮೇಲೆ ಅಂಗಡಿಗೂ ಅದೇ ಹೆಸರು.” ಅವಳು ನಾದಿನಿಯತ್ತ ತಿರುಗಿದಳು. “ಬದಲಾಯಿಸು ಈಗ್ಲೇ.”

ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮೊಬೈಲಿನಲ್ಲಿ ಒತ್ತತೊಡಗಿದಳು.

ಅಷ್ಟು ಹೊತ್ತಿಗೆ ಗಂಡ ಒಳಗಿನಿಂದ ಬಂದ. ಮೈಮೇಲೆ ಅದೇ ನೀಲಿ ಅಂಗಿ, ಮೊಣಕೈಯಲ್ಲಿ ಕೆಂಪು ಕೊಕ್ಕಿನ ಗುಬ್ಬಿ. ಮಾತು ಕಡಿಮೆಯ ಮನುಷ್ಯ. “ಹರಿದಿದ್ದು ನನ್ನಂಗಿ ಅಣ್ಣ. ನಿನಗ್ಯಾಕೆ ಚಳಿ?” ಅಂದವನೇ ಅಣ್ಣನ ಎದುರು ಕುರ್ಚಿ ಎಳೆದು ಕೂತ.

ಬಂದವರು ಕಾಫಿ ಮುಟ್ಟದೆ ಎದ್ದು ಹೋದರು. ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ಅವಳು ಲೋಟಗಳನ್ನು ಎತ್ತಿಕೊಂಡಳು. ಅಡುಗೆಮನೆಗೆ ಹೋಗಿ ಆ ಎರಡು ಲೋಟ ಕಾಫಿಯನ್ನು ಅವಳೂ ನಾದಿನಿಯೂ ಕುಡಿದರು. “ಚೆಲ್ಲೋಕೆ ನಾವೇನು ದೊಡ್ಡ ಮನೆತನದೋರಾ?” ಎಂದು ನಾದಿನಿ ಅಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

‘ತೇಪೆ’ ಒಮ್ಮೆಲೇ ಓಡಲಿಲ್ಲ. ಕೆಲವು ವಾರ ಯಾರೂ ಕೊಳ್ಳಲೂ ಇಲ್ಲ. ಆಮೇಲೆ ನಿಧಾನವಾಗಿ ಬೇರೆಯದೇ ಜನ ಬರತೊಡಗಿದರು. ತೀರಿಹೋದ ಅಪ್ಪನ ಸ್ವೆಟರ್ ಉಳಿಸಿಕೊಳ್ಳಬೇಕೆನ್ನುವವರು, ಬೆಂಕಿ ಕೆಲಸದಲ್ಲಿ ಏಪ್ರನ್ ಸುಟ್ಟುಕೊಂಡ ಬೆಸುಗೆಯವನು, ಮಕ್ಕಳ ಪ್ಯಾಂಟಿನ ಹರಿದ ಮಂಡಿ ನೋಡಿ ಸುಸ್ತಾದ ತಾಯಂದಿರು. ಅಳತೆಪಟ್ಟಿಯ ಪಕ್ಕ ತಮ್ಮ ತಮ್ಮ ತೂತಿನ ಫೋಟೋ ತೆಗೆದು, “ಇದಕ್ಕೆ ಯಾವ ಅಳತೆ?” ಎಂದು ಕೇಳುವರು. ಅವಳು ಪ್ರತಿಯೊಂದನ್ನೂ ನೋಡಿ ಉತ್ತರಿಸುವಳು. ಬಟ್ಟೆ ಯಾವಾಗ ಬರುತ್ತೆ ಎಂದು ಮತ್ತೆ ಯಾರೂ ಕೇಳಲಿಲ್ಲ.

ಓರಗಿತ್ತಿ ಇವತ್ತಿಗೂ ಮಾತಾಡುವುದಿಲ್ಲ. ಮನೆಯ ಸಮಾರಂಭಗಳಲ್ಲಿ ಎದುರಾದರೆ ಗೋಡೆ ನೋಡುತ್ತಾಳೆ. ಇವಳೂ ಮೇಲೆ ಬಿದ್ದು ಮಾತಾಡಿಸುವುದಿಲ್ಲ. ಬೇಸರವಿದೆ, ಆದರೆ ಬಗ್ಗುವಷ್ಟಿಲ್ಲ.

ಮೊನ್ನೆ ಯಾರೋ ಬರೆದಿದ್ದರು: “ವಿನ್ಯಾಸ ಚೆನ್ನಾಗಿದೆ. ಆದರೆ ಮೊದಲ ಚಿತ್ರ ನೋಡಲು ಅಸಹ್ಯ. ಬದಲಿಸಿದರೆ ವ್ಯಾಪಾರ ಹೆಚ್ಚಬಹುದು.” ನಾದಿನಿ ನಯವಾದ ಉತ್ತರವೊಂದನ್ನು ಸಿದ್ಧಮಾಡಿದ್ದಳು. ಇವಳು ಅದನ್ನು ಅಳಿಸಿ ತಾನೇ ಒತ್ತಿದಳು: “ಸಲಹೆಗೆ ವಂದನೆ. ಬದಲಿಸುವುದಿಲ್ಲ.” ಕಳಿಸಿದವಳೇ, ಇಲಿ ಕಡಿದ ಒಂದು ಕೈಚೀಲವನ್ನು ಬೆಳಕಿಗೆ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಡುವಂತೆ ನಾದಿನಿಗೆ ಹೇಳಿದಳು.