ಕುರ್ಚಿಗಿಷ್ಟೋ, ಚೀಟಿಗಿಷ್ಟೋ

ಕಾರಿನ ಕಿಟಕಿ ಎಷ್ಟು ಭದ್ರವಾಗಿ ಮುಚ್ಚಿದರೂ ಬೆಳ್ಳುಳ್ಳಿ ಬೆಳೆಯುವ ಊರು ಗಿಲ್‌ರಾಯ್ ಹತ್ತಿರವಾಯಿತೆಂದು ವಾಸನೆಯೇ ಹೇಳುತ್ತಿತ್ತು. ಎಂಬತ್ತರ ದಶಕದ ಮಾತು. ಸನ್ನಿವೇಲ್‌ನ ನಮ್ಮ ಗ್ಯಾರೇಜಿನಲ್ಲಿ ಕೂತು ನನ್ನವರು ರೈತರ ಮಾಲು ಕೊಂಡು, ಕಟ್ಟಿ ಮಾರುವ ಸಣ್ಣ ಪ್ಯಾಕಿಂಗ್ ಶೆಡ್ಡುಗಳಿಗಾಗಿ ಒಂದು ಪ್ರೋಗ್ರಾಮು ಬರೆದಿದ್ದರು. ತೂಕವಾಗಿ ಬಂದ ಲೋಡಿಗೆ ಚೀಟಿ, ಮಾರಿ ಹೋದ ಲೋಡಿಗೆ ಬಿಲ್ಲು ಪ್ರಿಂಟ್ ಮಾಡಿ, ಶೆಡ್ಡಿನಲ್ಲಿ ಎಷ್ಟು ಮಾಲಿದೆಯೆಂದು ಅದು ತೋರಿಸುತ್ತಿತ್ತು. ಮಾರುವವಳು, ಕಲಿಸುವವಳು ನಾನು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನನ್ನ ಇಂಗ್ಲಿಷಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಒಂದೊಂದು ಟರ್ಮಿನಲ್ಲಿಗೆ, ಅಂದರೆ ಸ್ಕ್ರೀನಿನ ಮುಂದಿನ ಒಂದೊಂದು ಕುರ್ಚಿಗೆ, ವರ್ಷಕ್ಕೆ ಇಷ್ಟು ಎಂದು ನಮ್ಮ ದರ. ಗಿಲ್‌ರಾಯ್ ಶೆಡ್ಡಿನ ಯಜಮಾನಿ ಒಂದೇ ಟರ್ಮಿನಲ್ಲಿಗೆ ತೆಗೆದುಕೊಂಡಿದ್ದಳು. ಸುಗ್ಗಿಯಲ್ಲಿ ಅದರ ಮುಂದೆ ಮೂವರು ಹುಡುಗಿಯರ ನೂಕುನುಗ್ಗಲು, ಹೊರಗೆ ಟ್ರಕ್ಕುಗಳ ಸಾಲು.

“ಇನ್ನೆರಡು ತಗೊಳ್ಳಿ,” ಎಂದೆ.

“ಚಳಿಗಾಲದಲ್ಲಿ ಖಾಲಿ ಕುರ್ಚಿಗೂ ಬಾಡಿಗೆ ಕೊಡ್ಲಾ, ಡಿಯರ್?”

ಪಾಪ, ನಿಜವೇ ಅನ್ನಿಸಿತು. ಮನೆಗೆ ಬಂದು, ಕುರ್ಚಿ ಎಷ್ಟಾದರೂ ಇರಲಿ, ಪ್ರಿಂಟಾದ ತೂಕದ ಚೀಟಿಗೆ ಇಷ್ಟು ಎಂದು ಮಾಡೋಣ ಎಂದೆ. “ಆಟೋ ಥರ ಮೀಟರ್ ಹಾಕ್ತೀಯೇನೇ?” ಎಂದು ನಕ್ಕರೂ ಇವರು ಎಣಿಕೆಯನ್ನು ಪ್ರೋಗ್ರಾಮಿನೊಳಗೇ ಕೂರಿಸಿದರು.

ಮುಂದಿನ ಸುಗ್ಗಿಗೆ ಯಜಮಾನಿಯ ಫೋನು ಬಂತು. “ಶೆಡ್ಡು ಸೂರಿನವರೆಗೆ ತುಂಬಿದೆ, ನಿಮ್ಮ ಸ್ಕ್ರೀನು ಅರ್ಧವೂ ಇಲ್ಲ ಅನ್ನುತ್ತೆ. ವಾಪಸ್ ತಗೊಂಡು ಹೋಗಿ!”

ಚೀಟಿಯ ಲೆಕ್ಕದಲ್ಲಿ ನಮ್ಮ ದೊಡ್ಡ ಗಿರಾಕಿ ಅವಳೇ. ಅವಳು ಬಿಟ್ಟರೆ ಗ್ಯಾರೇಜಿಗೆ ಬೀಗ ಹಾಕಿ, ಇವರು ಬಿಟ್ಟುಬಂದ ಆಫೀಸಿನ ಬಾಗಿಲನ್ನೇ ಮತ್ತೆ ತಟ್ಟಬೇಕಿತ್ತು. ಗಾಬರಿಯಲ್ಲೇ ಓಡಿದೆ.

ತೂಕದ ಕಟ್ಟೆಯ ಬಳಿ ನಿಂತು ನೋಡಿದೆ. ದೊಡ್ಡ ಟ್ರಕ್ಕು ಬಂದರೆ ಹುಡುಗಿ ಕೀಲಿ ಒತ್ತಿ ಚೀಟಿ ತೆಗೆಯುತ್ತಾಳೆ. ಪಿಕಪ್ಪಿನಲ್ಲಿ ನಾಲ್ಕು ಮೂಟೆ ಬಂದರೆ ರಟ್ಟಿನ ಚೂರಿನ ಮೇಲೆ ಗೀಚಿ ಸುಮ್ಮನಾಗುತ್ತಾಳೆ. ಚೀಟಿಯಿಲ್ಲದ ಆ ಮೂಟೆಗಳು ಸ್ಕ್ರೀನಿನ ಲೆಕ್ಕಕ್ಕೂ ಬರುವುದಿಲ್ಲ.

ಯಜಮಾನಿಯ ಮುಖ ಕೆಂಪಾಯಿತು. “ಚಿಲ್ಲರೆಗೆಲ್ಲ ಮೀಟರ್ ಓಡಿಸ್ಬೇಡಿ ಅಂತ ನಾನೇ ಹೇಳಿದ್ದೆ.”

ನನಗೆ ಕೋಪವೇ ಬರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಮಜ್ಜಿಗೆಗೆ ಬೇರೆ ದುಡ್ಡು ಅಂದಾಗ ನಾವೆಲ್ಲ ಒಣ ಅನ್ನವನ್ನೇ ನುಂಗಿದ್ದೆವಲ್ಲ!

ಮನೆಗೆ ಬಂದಾಗ ಇವರು, “ಸರಿ, ಮತ್ತೆ ಕುರ್ಚಿ ಲೆಕ್ಕಕ್ಕೇ ಹೋಗೋಣ,” ಎಂದರು.

“ಬೇಡಾರೀ. ಮೀಟರನ್ನ ಮಾಲು ಬರೋ ಬಾಗಿಲಿಂದ ತೆಗೆದು ಹೋಗೋ ಬಾಗಿಲಿಗೆ ಹಾಕಿ. ಬರೋ ಮೂಟೆ ಫ್ರೀ. ಮಾರಾಟವಾಗಿ ಹೊರಡೋ ಲೋಡಿಗೆ ಮಾತ್ರ ಚಾರ್ಜು. ಬಿಲ್ಲು ಪ್ರಿಂಟ್ ಆಗ್ದೆ ಅವಳಿಗೆ ಯಾರು ದುಡ್ಡು ಕೊಡ್ತಾರೆ?”

ಇವರು ಕಾಫಿ ಲೋಟ ಕೆಳಗಿಟ್ಟು ನಕ್ಕರು. “ಕಾನ್ವೆಂಟಲ್ಲಿ ವ್ಯಾಪಾರಾನೂ ಕಲಿಸ್ತಿದ್ರಾ?”

ಯಜಮಾನಿಗೆ ಹೇಳಿದಾಗ ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “ಅಂದ್ರೆ ನಾನು ಮಾರಿದ್ರೆ ನಿಮಗೂ ಉಂಟು, ಇಲ್ಲದಿದ್ರೆ ಇಬ್ಬರಿಗೂ ಇಲ್ಲ. ಆಗಲಿ, ಇರಿ.”

ಹೊರಡುವಾಗ ಜಡೆ ಹೆಣೆದ ಬೆಳ್ಳುಳ್ಳಿಯ ಗೊಂಚಲೊಂದನ್ನು ನನ್ನ ಕೈಗಿಟ್ಟಳು. ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಬರುವಂತಿರಲಿಲ್ಲ. ಇವರು ಅದನ್ನು ಗ್ಯಾರೇಜಿನಲ್ಲಿ, ಕಂಪ್ಯೂಟರಿನ ನೆತ್ತಿಯ ಮೇಲೆ, ತೋರಣದ ಹಾಗೆ ಕಟ್ಟಿದರು. ಒಣಗಿ ಪುಡಿಯಾಗುವವರೆಗೂ ಅದು ಅಲ್ಲೇ ಇತ್ತು.