ಎಂಬತ್ತೈದು ಬೇಕು, ಎಂಬತ್ತೈದು ಸಾಲದು

ಗಲ್ಫಿನ ಘಾಲಾ ಎಂಬ ಕೈಗಾರಿಕಾ ಪ್ರದೇಶದ ಗ್ಯಾರೇಜುಗಳ ನಡುವಿನ ಬಿಡಿಭಾಗದ ಅಂಗಡಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಆಲ್ಸ್ಟನ್‌ಗೆ ಒಂದು ಅಪರೂಪದ ಶಕ್ತಿಯಿತ್ತು. ಯಾವ ನಿಯಮವೇ ಇರಲಿ, ಓದುವ ಮೊದಲೇ ಅವನಿಗೆ ಅರ್ಥವಾಗಿಬಿಡುತ್ತಿತ್ತು. ವೀಸಾ, ಲೈಸೆನ್ಸು, ಶಾಲೆಯ ಸೀಟು, ಎಲ್ಲದಕ್ಕೂ ಊರಿನವರು ಅವನನ್ನೇ ಕೇಳುತ್ತಿದ್ದರು. ಕೇಳದವರಿಗೆ ಅವನೇ ಹುಡುಕಿಕೊಂಡು ಹೋಗಿ ಹೇಳುತ್ತಿದ್ದ.

ಅಲ್ಲಿ ನೆಲೆಸಿದ ಊರಿನವರ ಕರಾವಳಿ ಸಂಘದಿಂದ ವಿದ್ಯಾರ್ಥಿವೇತನದ ಪ್ರಕಟಣೆ ಬಂತು: ಶೇಕಡ ಎಂಬತ್ತೈದಕ್ಕಿಂತ ಕಡಿಮೆ ಅಂಕದವರು ಅರ್ಜಿ ಹಾಕುವಂತಿಲ್ಲ. ಮಗಳು ಆಂಡ್ರಿಯಾಳಿಗೆ ತೊಂಬತ್ತೊಂದು.

"ಖಲಾಸ್, ಕೆಲ್ಸ ಮುಗೀತು, ವೇತನ ನಮ್ಗೇ!" ಎಂದ ಆಲ್ಸ್ಟನ್.

"ಡ್ಯಾಡಿ, ಅದು ಜಸ್ಟ್ ಮಿನಿಮಮ್," ಎಂದಳು ಮಗಳು. ಮಕ್ಕಳ ಮಾತು ಕೇಳಿ ನಿಯಮ ತಿಳಿಯಬೇಕಾದ ಗತಿ ಅವನಿಗೇನೂ ಬಂದಿರಲಿಲ್ಲ. ಭಾನುವಾರವೇ ಘಾಲಾ ತುಂಬ ಲಾಡು ಹಂಚಿದ.

ಆಯ್ಕೆಯಾದವರಲ್ಲಿ ಆಂಡ್ರಿಯಾ ಇರಲಿಲ್ಲ. ಆಲ್ಸ್ಟನ್ ತನ್ನ ಹೊಸ ಕಾರು ಹತ್ತಿ, ಪಕ್ಕದ ಬೌಷರ್‌ನಲ್ಲಿದ್ದ ಸಂಘದ ಕಾರ್ಯದರ್ಶಿ ಸೈನಬಳ ಮನೆಗೆ ನುಗ್ಗಿದ.

"ಎಂತ ಸೈನಬಕ್ಕ, ಇದು ಮೋಸ ಅಲ್ವಾ? ಎಂಬತ್ತೈದು ಕೇಳಿದ್ರಿ, ತೊಂಬತ್ತೊಂದು ಕೊಟ್ವಿ!"

"ಎಂಬತ್ತೈದು ಇಲ್ದಿದ್ರೆ ಅರ್ಜಿಯೇ ಇಲ್ಲ ಅಂತ ಬರ್ದದ್ದು. ಇದ್ರೆ ಕೊಡ್ತೇವೆ ಅಂತ ಎಲ್ಲುಂಟು? ಅಷ್ಟು ಅಂಕದವ್ರು ತುಂಬ ಜನ ಇದ್ದಾರೆ, ನಮ್ಮಲ್ಲಿ ಇರೋದು ಐದೇ. ಆಮೇಲೆ ಮನೆಯ ಆದಾಯ ನೋಡ್ತೇವೆ." ಸೈನಬ ಕಿಟಕಿಯಿಂದ ಕಾರನ್ನು ನೋಡಿದಳು. "ಎಂಬತ್ತೈದು ದಾಟಿದವ್ರಲ್ಲಿ ಅಪ್ಪ ಇಲ್ಲದ ಮಕ್ಕಳಿದ್ರೆ ಅವ್ರಿಗೆ ಮಾತ್ರ ಬೇರೇನೂ ನೋಡದೆ ಕೊಡ್ತೇವೆ."

"ಹಾಗಾದ್ರೆ ನಾನು ಸಾಯ್ಬೇಕಾ?"

"ಸತ್ರೆ ಸಾಕು," ಎಂದಳು ಸೈನಬ, ಚಹಾ ಮುಂದಿಡುತ್ತಾ. "ಆದ್ರೆ ಸಾಯ್ಲೇಬೇಕು ಅಂತಿಲ್ಲ. ಅಪ್ಪ ಬದುಕಿದ್ದು ಸಂಬಳ ಕಮ್ಮಿ ಇದ್ದವ್ರಿಗೂ ಸಿಕ್ಕಿದೆ."

ಆಲ್ಸ್ಟನ್ ಚಹಾ ಕುಡಿದ. ಅವಮಾನವಾದರೂ ಪಾಠ ಮಾತ್ರ ತಲೆಗೆ ಹೋಯಿತು. ಹೋದದ್ದು ಎಷ್ಟು ಆಳಕ್ಕೆಂದರೆ, ಮರುವರ್ಷ ಟಯರ್ ಅಂಗಡಿಯ ರಿಯಾಝ್ ಬಂದು, "ಮಗಳು ಜುವೈರಿಯಾಗೆ ಎಂಬತ್ತಾರು ಬಂದಿದೆ, ಅರ್ಜಿ ಹಾಕ್ಲಾ?" ಎಂದು ಕೇಳಿದಾಗ ಅವನು ಜ್ಞಾನಿಯಂತೆ ನಕ್ಕುಬಿಟ್ಟ.

"ಎಂಬತ್ತೈದಕ್ಕೆ ಬೆಲೆಯೇ ಇಲ್ಲ ಮಾರಾಯಾ. ಸುಮ್ನೆ ಯಾಕೆ ಒದ್ದಾಡ್ತೀಯಾ? ಬಿಡು."

ರಿಯಾಝ್ ಬಿಟ್ಟ. ವಿಷಯ ಹೇಗೋ ಸೈನಬಳ ಕಿವಿಗೆ ಬಿದ್ದು ಫೋನು ಬಂತು. "ಅಲ್ಲ ಆಲ್ಸ್ಟನ್‌ರೇ, ಅದೊಂದೇ ಸಾಲದು ಅಂದ್ರೆ ಬೇಡ ಅಂತಾ? ಬಾಗಿಲು ದಾಟದೆ ಒಳಗೆ ಕೂತುಕೊಳ್ಳೋದು ಹೇಗೆ? ಇವತ್ತು ಕಡೇ ದಿನ, ಕಳಿಸಿ ಅವ್ನನ್ನು!"

ಆಲ್ಸ್ಟನ್ ಟಯರ್ ಅಂಗಡಿಗೆ ಓಡಿದ. ಗ್ರೀಸ್ ಮೆತ್ತಿದ ಕೈಯ ರಿಯಾಝನನ್ನು ಹೊಸ ಕಾರಿನಲ್ಲೇ ಕೂರಿಸಿ ಬೌಷರ್‌ಗೆ ಒಯ್ದ. ಸೀಟಿನ ಕಲೆ ನೋಡಿ ಒಳಗೊಳಗೇ ಅತ್ತ.

ಜುವೈರಿಯಾಗೆ ವಿದ್ಯಾರ್ಥಿವೇತನ ಸಿಕ್ಕಿತು. ರಿಯಾಝನ ಸಂಬಳ ಸಣ್ಣದು, ಸಂಸಾರ ದೊಡ್ಡದು. ಘಾಲಾದಲ್ಲಿ ಆಲ್ಸ್ಟನ್ ಈಗ ಹೇಳುವುದು ಬೇರೆ: "ನಾನು ಕರ್ಕೊಂಡು ಹೋದದ್ದಕ್ಕೇ ಸಿಕ್ಕಿತು." ಅವನ ಕಾರು ಹತ್ತಿದರೆ ಸಾಕೆಂದು ನಂಬಿದ ಇಬ್ಬರು ಆಗಲೇ ಬಂದು ವಿಚಾರಿಸಿ ಹೋಗಿದ್ದಾರೆ.